ಮೂಲಿ ಮುರಿದ ಮೆಟಾಫೇಸ್

"ಇವನ್ನ ಜಗ್ಗಾವರು ಯಾರಿರಬೇಕು?"

ಶಾರದವ್ವ ಕೇಳಿದ್ದು ಯಾರನ್ನೂ ಅಲ್ಲ. ಅವತ್ತು ಭಾನುವಾರ. ಕಾಲೇಜಿಗೆ ರಜೆ. ಜೀವಶಾಸ್ತ್ರದ ಲ್ಯಾಬಿನಲ್ಲಿ ಅವಳು ಮತ್ತು ಮೂಲೆಯ ಕಪಾಟಿನಲ್ಲಿ ನಿಂತ ಎಲುಬಿನ ಹಂದರ, ಇಬ್ಬರೇ. ಹಂದರ ಹಲ್ಲು ಕಿರಿದುಕೊಂಡು ಸುಮ್ಮನಿತ್ತು. ಶಾರದವ್ವ ಎಡಗಣ್ಣು ಮುಚ್ಚಿ ಬಲಗಣ್ಣನ್ನು ಸೂಕ್ಷ್ಮದರ್ಶಕದ ಕೊಳವೆಗೆ ಹಚ್ಚಿದ್ದಳು. ಕೆಳಗೆ ಉಳ್ಳಾಗಡ್ಡಿ ಬೇರಿನ ಒಂದು ಕೋಶ. ಅದರೊಳಗೆ ಕೆಂಪು ಬಣ್ಣ ಕುಡಿದ ಎಳೆಗಳ ಎರಡು ದಂಡು. ಒಂದು ದಂಡು ಮೇಲಕ್ಕೆ ಹೊರಟಿತ್ತು, ಇನ್ನೊಂದು ಕೆಳಕ್ಕೆ. ಪ್ರತಿ ಎಳೆಯೂ ನಡುವಿನಲ್ಲಿ ಮಡಚಿಕೊಂಡು, ನಡು ಮುಂದಾಗಿ, ಎರಡು ತುದಿ ಹಿಂದೆ ಜೋತುಬಿದ್ದು ಸಾಗಿತ್ತು. ನಡುಕಟ್ಟಿಗೆ ದಾರ ಬಿಗಿದು ಯಾರೋ ಎಳೆಯುತ್ತಿರುವ ಹಾಗೆ. ದಾರವೂ ಕಾಣದು, ಎಳೆಯುವವರೂ ಕಾಣರು.

ಉತ್ತರ ಅವಳಿಗೆ ಗೊತ್ತಿರದೇ ಇರಲಿಲ್ಲ. ಅದು ಕದಿರಿನ ಎಳೆ, ಅದಕ್ಕೆ ಸ್ಪಿಂಡಲ್ ಎನ್ನುತ್ತಾರೆ. ನಾವು ಹಾಕುವ ಬಣ್ಣ ವರ್ಣತಂತುವಿಗೆ ಹತ್ತುತ್ತದೆ, ಕದಿರಿಗೆ ಹತ್ತುವುದಿಲ್ಲ, ಅದಕ್ಕೇ ಕಾಣುವುದಿಲ್ಲ ಎಂದು ಸಿದ್ದಾರೂಢ ಸರ್ ವರ್ಷಕ್ಕೊಮ್ಮೆ ಹೇಳುತ್ತಿದ್ದರು. ಶಾರದವ್ವ ಇಪ್ಪತ್ತೆರಡು ಸಲ ಕೇಳಿದ್ದಳು. ಕೇಳಿದ್ದು ಬೇರೆ, ಕಂಡದ್ದು ಬೇರೆ. ಕಂಡ ಮೇಲೆ ಕೈ ಮುಗಿಯಬೇಕು ಎನ್ನಿಸಿತು. ಮುಗಿದರೆ ಕೊಳವೆ ಅಲುಗೀತು ಎಂದು ಮನಸ್ಸಿನಲ್ಲೇ ಮುಗಿದಳು.

ಶಾರದವ್ವ ಬೆಟಗೇರಿಯ ನೇಕಾರರ ಮನೆಯವಳು. ಓದಿದ್ದು ಏಳನೆಯ ಇಯತ್ತೆ. ಗದಗಿನ ಈ ಕಾಲೇಜಿನ ಲ್ಯಾಬಿಗೆ ಅಟೆಂಡರ್ ಆಗಿ ಬಂದಾಗ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ಲ್ಯಾಬಿಗೆ ಹೊಂದಿಕೊಂಡು ಗಾಜಿನ ಸಾಮಾನು ತೊಳೆಯುವ ಒಂದು ಸಣ್ಣ ಕೋಣೆ. ಅದರೊಳಗೆ ಒಂದು ಮೂರು ಕಾಲಿನ ಸ್ಟೂಲು. ಆ ಸ್ಟೂಲಿನ ಮೇಲೆ ಕೂತರೆ ಸರ್ ಹೇಳುವ ಪಾಠವೆಲ್ಲ ಕೇಳುತ್ತಿತ್ತು. ಶ್ರಾವಣದಲ್ಲಿ ಮಠದ ಪುರಾಣಕ್ಕೆ ಹೇಗೆ ಕೂಡುತ್ತಿದ್ದಳೋ ಪಾಠಕ್ಕೂ ಹಾಗೆಯೇ ಕೂಡುತ್ತಿದ್ದಳು. ಸೆರಗು ಹೊದ್ದು, ಕೈ ತೊಡೆಯ ಮೇಲಿಟ್ಟು, ಎದ್ದು ಹೋಗದೆ, ನಡುವೆ ಬಾಯಿ ಹಾಕದೆ. ಸರ್ ಪಾಠವನ್ನು ಒಂದು ಧಾಟಿಯಲ್ಲಿ ಹೇಳುತ್ತಿದ್ದರು. ವರ್ಷವರ್ಷಕ್ಕೂ ಅದೇ ಧಾಟಿ, ಅದೇ ಜಾಗದಲ್ಲಿ ಅದೇ ಕೆಮ್ಮು. ಹಾಗಾಗಿ ಬಾಯಿಪಾಠವಾಗಿತ್ತು. ಆ ಸ್ಟೂಲೊಂದು ಇದ್ದರೆ ಅವಳಿಗೆ ಸಾಕಾಗಿತ್ತು.

ಅದಕ್ಕೇ ಕುತ್ತು ಬಂದದ್ದು ಹಿಂದಿನ ಸೋಮವಾರ.

ಲ್ಯಾಬಿನಲ್ಲಿ ಒಂದು ಸಾಗವಾನಿ ಪೆಟ್ಟಿಗೆಯಿತ್ತು. ಅದರಲ್ಲಿ ನಾಲ್ಕು ಗಾಜಿನ ಸ್ಲೈಡು, ಕೋಶ ಒಡೆದು ಎರಡಾಗುವ ನಾಲ್ಕು ಹಂತ: ಪ್ರೋಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್. ಪ್ರತಿ ವರ್ಷ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಾಲ್ಕು ಸೂಕ್ಷ್ಮದರ್ಶಕದ ಕೆಳಗೆ ಅವೇ ನಾಲ್ಕು ಕೂಡುತ್ತಿದ್ದವು. ಸರ್ ಅವನ್ನು ಮನೆಯ ದೇವರ ಪೆಟ್ಟಿಗೆಯಂತೆ ಕಾಯುತ್ತಿದ್ದರು. ಇದರಲ್ಲಿ ಒಂದು ಒಡೆದರೂ ನಿನ್ನನ್ನು ಆಫೀಸಿಗೆ ಹಾಕುತ್ತೇನೆ, ಗಂಟೆ ಹೊಡೆದುಕೊಂಡು ಕೂಡು ಎಂದು ಹೇಳಿಟ್ಟಿದ್ದರು. ಸರ್ ಕೆಟ್ಟವರಲ್ಲ, ಆದರೆ ಹೇಳಿದ್ದನ್ನು ಮಾಡುವವರು. ಹಿಂದೆ ಒಬ್ಬ ತಿರಕಪ್ಪನನ್ನು ಹಾಗೆಯೇ ಆಫೀಸಿಗೆ ಕಳಿಸಿದ್ದರು. ಅವನು ಇವತ್ತಿಗೂ ಗಂಟೆ ಹೊಡೆಯುತ್ತಿದ್ದ.

ಸೋಮವಾರ ಒರೆಸುವಾಗ ಎರಡನೆಯ ಸ್ಲೈಡು ಜಾರಿತು. ಫರಸಿಗೆ ಬಿದ್ದು ಹನ್ನೊಂದು ಚೂರಾಯಿತು. ಮೆಟಾಫೇಸ್ ಹೋಯಿತು.

ಶಾರದವ್ವ ಚೂರುಗಳನ್ನು ಆರಿಸಿ ಕಾಗದದಲ್ಲಿ ಕಟ್ಟಿದಳು. ಹುಬ್ಬಳ್ಳಿಯ ಅಂಗಡಿಯಿಂದ ತರಿಸಬೇಕೆಂದರೆ ಸರ್‌ಗೆ ಹೇಳಬೇಕು, ಹೇಳಿದರೆ ಗಂಟೆ. ಮುಂದಿನ ಸೋಮವಾರ ಪರೀಕ್ಷೆ. ಸಂಜೆ ಮನೆಗೆ ಹೋಗುವಾಗ ದಾರಿಯಲ್ಲಿ ಉಳ್ಳಾಗಡ್ಡಿಯ ಗುಡ್ಡೆ ಕಂಡಿತು. ಊರತುಂಬ ಉಳ್ಳಾಗಡ್ಡಿ ಇರುವಾಗ ಮೆಟಾಫೇಸಿಗೇನು ಬರಗಾಲ ಎನ್ನಿಸಿತು. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಬೇರು ಬಿಡಿಸಿಕೊಟ್ಟವಳು ಅವಳೇ. ನೋಡುವುದೊಂದನ್ನು ಮಾತ್ರ ಅವಳು ಮಾಡಿರಲಿಲ್ಲ.

ಗಟ್ಟಿಯಾದ ಎರಡು ಗಡ್ಡೆ ತಂದು, ತಳದ ಒಣ ಬೇರು ಹೆರೆದು, ನೀರು ತುಂಬಿದ ಲೋಟದ ಬಾಯಿಗೆ ತಳ ಮಾತ್ರ ತಾಗುವಂತೆ ಕೂಡಿಸಿದಳು. ಗುರುವಾರಕ್ಕೆ ಬೆರಳಗಲ ಬಿಳಿ ಬೇರು ಇಳಿದಿದ್ದವು. ಕೈ ಬಿಡುವಾದದ್ದು ಮಧ್ಯಾಹ್ನ ಮೂರಕ್ಕೆ. ಆಗಲೇ ತುದಿಗಳನ್ನು ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲಕ್ಕೆ ಮೂರು ಪಾಲು ಆಲ್ಕೊಹಾಲ್ ಬೆರೆಸಿದ ದ್ರಾವಣದಲ್ಲಿ ಇಟ್ಟಳು. ಅದರಲ್ಲಿ ಇಟ್ಟರೆ ಕೋಶ ಯಾವ ಗಳಿಗೆಯಲ್ಲಿ ಇದೆಯೋ ಆ ಗಳಿಗೆಯಲ್ಲೇ ನಿಂತುಬಿಡುತ್ತದೆ. ಶುಕ್ರವಾರ ನೋಡಿದರೆ ಎಲ್ಲ ಕೋಶಗಳ ನಡುವೆ ಬರೀ ಒಂದೊಂದು ದುಂಡು ಬೊಟ್ಟು. ಎಳೆಯಿಲ್ಲ, ಸಾಲಿಲ್ಲ. ಊಟವಾದ ಮೇಲೆ ಮಲಗಿದ ಬೆಟಗೇರಿಯ ಹಾಗಿತ್ತು.

ಆಗ ಸರ್ ಕೆಮ್ಮುವ ಜಾಗ ನೆನಪಾಯಿತು. ಬೇರನ್ನು ಮುಂಜಾನೆ ತೆಗೆಯಬೇಕು, ಒಡೆಯುವ ಕೋಶ ಆಗ ಹೆಚ್ಚು ಎಂದು ಹೇಳಿ ಅವರು ಕೆಮ್ಮುತ್ತಿದ್ದರು. ದುಂಡು ಬೊಟ್ಟಾಗಿ ಕೂತದ್ದು ಮಲಗಿಲ್ಲ, ಒಳಗೊಳಗೇ ತನ್ನ ಎಳೆಗಳಿಗೆ ಜೋಡಿ ಎಳೆ ಮಾಡಿಕೊಳ್ಳುತ್ತದೆ ಎಂದೂ ಅದೇ ಉಸಿರಿನಲ್ಲಿ ಹೇಳುತ್ತಿದ್ದರು. ಕೇಳಿಯೂ ಮರೆತೆನಲ್ಲ, ಪುರಾಣ ಕೇಳಿ ಪಾದರಕ್ಷೆ ಮರೆತವಳಂತೆ ಎಂದು ತನ್ನನ್ನು ತಾನೇ ಬೈದುಕೊಂಡಳು. ಶನಿವಾರ ಏಳಕ್ಕೇ ಬಂದು ಎರಡನೆಯ ಗಡ್ಡೆಯ ಬೇರು ಕತ್ತರಿಸಿಟ್ಟಳು. ಭಾನುವಾರ ಕೀಲಿ ತೆಗೆದು ಒಬ್ಬಳೇ ಕೂತಳು. ತುದಿಯ ಜೋಳದ ಕಾಳಿನಷ್ಟು ಭಾಗ ಉಳಿಸಿ ಮಿಕ್ಕದ್ದು ಚೆಲ್ಲಿ, ಆಮ್ಲದ ಹನಿಯಲ್ಲಿ ಮೆತ್ತಗೆ ಮಾಡಿ, ಅಸಿಟೊಕಾರ್ಮೈನ್ ಬಣ್ಣ ಹಾಕಿ, ದೀಪದ ಮೇಲೆ ಹಾಯಿಸಿ, ತೆಳುಗಾಜು ಮುಚ್ಚಿ, ಒತ್ತುಕಾಗದ ಇಟ್ಟು ಹೆಬ್ಬೆರಳಿನಿಂದ ಅಮುಕಿದಳು. ರೊಟ್ಟಿ ತಟ್ಟಿದ ಕೈ; ಎಷ್ಟು ಭಾರ ಬೇಕೋ ಅಷ್ಟೇ ಬಿತ್ತು.

ಈ ಸಲ ಕೊಳವೆಯೊಳಗೆ ಜಾತ್ರೆ ನೆರೆದಿತ್ತು. ಆದರೆ ಪುರಾಣದ ಹಾಳೆಗಳನ್ನು ಹರಿದು ಗಾಳಿಗೆ ತೂರಿದ ಹಾಗೆ, ಯಾವ ಹಂತದ ಪಕ್ಕ ಯಾವುದೋ. ಶಾರದವ್ವ ಬಾಯಿಪಾಠ ಹೇಳುತ್ತ ಒಂದೊಂದನ್ನೇ ಹುಡುಕಿದಳು.

ಮೊದಲನೆಯದು ಪ್ರೋಫೇಸ್. ಬಿಚ್ಚಿ ಹರಡಿದ ನೂಲು ಸುರುಳಿ ಸುತ್ತಿ ಗಿಡ್ಡಾಗಿ, ದಪ್ಪಾಗಿ ಕಣ್ಣಿಗೆ ಕಾಣುವ ಹೊತ್ತು. ಒಂದೊಂದು ವರ್ಣತಂತುವೂ ಆಗಲೇ ಜೋಡೆಳೆ. ಎರಡೂ ಒಂದೇ ಗಂಟಿನಲ್ಲಿ ಕೂಡಿವೆ. ಹಂತ ಮುಗಿಯುವಷ್ಟರಲ್ಲಿ ಕೋಶಕೇಂದ್ರದ ಸುತ್ತಲಿನ ಪೊರೆಯೂ ಒಳಗಿನ ಚಿಕ್ಕ ಬೊಟ್ಟೂ ಇಲ್ಲವಾಗುತ್ತವೆ. ಗೋಜಲಾದ ಕೆಂಪು ನೂಲಿನ ಲಡಿಯಂಥ ಕೋಶವೊಂದು ಸಿಕ್ಕಿತು. ಇದೇ ಎಂದುಕೊಂಡಳು. ಅಪ್ಪನ ಮಗ್ಗದ ಪಕ್ಕ ಇಂಥ ಲಡಿಗಳು ನೇತಾಡುತ್ತಿದ್ದವು.

ಕೊನೆಯದು ಟೀಲೋಫೇಸ್ ಬೇಗ ಸಿಕ್ಕಿತು. ಎಳೆಗಳು ಎರಡು ತುದಿ ಮುಟ್ಟಿ ಮತ್ತೆ ಬಿಚ್ಚಿಕೊಂಡು ಮಸುಕಾಗಿ, ಎರಡು ಹೊಸ ಕೇಂದ್ರಗಳಾಗಿ ಪೊರೆ ಹೊದ್ದಿದ್ದವು. ನಡುವೆ ಸಣ್ಣ ಗೋಡೆ ಏಳತೊಡಗಿತ್ತು. ಅಣ್ಣ ತಮ್ಮ ಬೇರೆಯಾಗಿ ಪಡಸಾಲೆಗೆ ಅಡ್ಡಗೋಡೆ ಹಾಕಿದಂತೆ.

ಅವಳಿಗೆ ಬೇಕಾದ ಎರಡನೆಯದು ಒಂದು ತಾಸು ಸತಾಯಿಸಿತು. ಕೊನೆಗೆ ಸಿಕ್ಕಾಗ ಉಸಿರು ಹಿಡಿದಳು. ವರ್ಣತಂತುಗಳೆಲ್ಲ ಕೋಶದ ಸರಿನಡುವೆ ಒಂದು ಸಾಲಾಗಿ ನಿಂತಿದ್ದವು. ಎರಡೂ ಕಡೆಯ ಕದಿರೆಳೆ ಗಂಟಿಗೆ ಬಿದ್ದಿದೆ; ಇತ್ತ ಬಾ ಎನ್ನುವವರೂ ಇದ್ದಾರೆ, ಅತ್ತ ಬಾ ಎನ್ನುವವರೂ ಇದ್ದಾರೆ; ಗಂಟು ಇನ್ನೂ ಬಿಚ್ಚಿಲ್ಲ, ಅದಕ್ಕೇ ಸಾಲು ಕದಲಿಲ್ಲ. ಅದರ ಮಗ್ಗುಲಲ್ಲೇ, ಒಂದು ಕೂದಲೆಳೆಯ ದೂರದಲ್ಲಿ, ಗಂಟು ಬಿಚ್ಚಿದ ಕೋಶ. ಜೋಡೆಳೆಗಳು ಬೇರಾಗಿ ಎರಡು ದಿಕ್ಕಿಗೆ ಹೊರಟ ಅನಾಫೇಸ್. ಯಾರು ಜಗ್ಗುತ್ತಾರೆ ಎಂದು ಅವಳು ಕೇಳಿದ್ದು ಅದನ್ನು ಕಂಡೇ.

ಕೂದಲೆಳೆ ಎಂದದ್ದು ಬರೀ ಮಾತಿಗಲ್ಲ. ಆ ಸೂಕ್ಷ್ಮದರ್ಶಕದ ಕಣ್ಣುಗಾಜಿನೊಳಗೆ ಒಂದು ಕೂದಲು ಅಂಟಿಸಿತ್ತು, ನೋಡುವವರಿಗೆ ಯಾವ ಕೋಶ ಎಂದು ತೋರಿಸುವ ಮುಳ್ಳಾಗಿ. ಅದು ಶಾರದವ್ವನದೇ ಕೂದಲು. ಕೆಲಸಕ್ಕೆ ಸೇರಿದ ವರ್ಷ ಸರ್ ಕೇಳಿದ್ದಕ್ಕೆ ಕಿತ್ತುಕೊಟ್ಟಿದ್ದಳು. ತಲೆ ನರೆತರೂ ಅದೊಂದು ಇನ್ನೂ ಕಪ್ಪಗಿತ್ತು.

ನೆರೆಮನೆಯ ಜನ್ನತಬಿ ಉಗುರಿಗೆ ಹಚ್ಚುವ ಬಣ್ಣ ಕೊಟ್ಟಿದ್ದಳು. ತೆಳುಗಾಜಿನ ಸುತ್ತ ಅದನ್ನು ಹಚ್ಚಿ ಗಾಳಿ ಹೋಗದಂತೆ ಮುಚ್ಚಿದಳು. ಒಡೆದ ಸ್ಲೈಡಿನ ಹಳದಿ ಲೇಬಲ್ಲನ್ನು ನೆನೆಸಿ ಬಿಡಿಸಿ ಇದಕ್ಕೆ ಅಂಟಿಸಿದಳು. ಹಳೆಯ ಸ್ಲೈಡಿಗೆ ಒಂದು ಮೂಲೆ ಮುರಿದಿತ್ತು. ಅದಕ್ಕೆಂದು ಇಕ್ಕಳ ಹಿಡಿದು ಹೊಸದರ ಮೂಲೆಯನ್ನೂ ಮುರಿದಳು. ದೇವರೇ ಬಂದು ನೋಡಿದರೂ ಇದೇ ಅದು ಎನ್ನಬೇಕು ಎಂದುಕೊಂಡು, ದೇವರ ಹೆಸರು ಎತ್ತಿದ್ದಕ್ಕೆ ಕೆನ್ನೆ ಮುಟ್ಟಿಕೊಂಡಳು.

ಸೋಮವಾರ ನಾಲ್ಕು ಸೂಕ್ಷ್ಮದರ್ಶಕ ಸಾಲಾಗಿ ಹೂಡಿ, ಲೇಬಲ್ಲುಗಳ ಮೇಲೆ ಕಾಗದ ಅಂಟಿಸಿ, ಎರಡನೆಯದರಲ್ಲಿ ಕೂದಲ ತುದಿಯನ್ನು ಮೆಟಾಫೇಸಿನ ಮೇಲೆ ನಿಲ್ಲಿಸಿದಳು. ಸರ್ ದೂರದಿಂದಲೇ ನೋಡಿ, ಮೂಲೆ ಮುರಿದದ್ದು ಎರಡನೆಯ ಜಾಗದಲ್ಲಿದೆ ಎಂದು ಖಾತ್ರಿ ಮಾಡಿಕೊಂಡು ಉತ್ತರದ ಚೀಟಿ ಬರೆದರು. ಕಣ್ಣು ಹಚ್ಚಲಿಲ್ಲ. ಗಂಡಾಂತರ ದಾಟಿತು ಎಂದು ಶಾರದವ್ವ ಸೆರಗಿನಿಂದ ಮುಖ ಒರೆಸಿಕೊಂಡು ನೀರು ತರಲು ಪಡಸಾಲೆಗೆ ಬಂದಳು.

ಅಲ್ಲಿ ಮೊದಲ ತಂಡದ ಹನ್ನೆರಡು ಮಕ್ಕಳಲ್ಲಿ ಹನ್ನೊಂದು ಜನ ನಿಂತಿದ್ದರು. ನಡುವೆ ಮುಳಗುಂದದ ವೀರು, ಭಜನೆ ಹೇಳಿಸುವ ಹಿರಿಯನಂತೆ ತೊಡೆ ತಟ್ಟಿ ಹೇಳಿಸುತ್ತಿದ್ದ.

"ಕೆಂಪು ಚುಕ್ಕಿ ಪ್ರೋ, ಮುರದ ಮೂಲಿ ಮೆಟಾ, ಗೀರು ಬಿದ್ದದ್ದು ಅನಾ, ಉಳದದ್ದು ಟೀಲೋ."

ಉಳಿದವರು ಹಿಂದಿನಿಂದ ಹೇಳುತ್ತಿದ್ದರು. ಸ್ಲೈಡುಗಳ ಹೊರಗಿನ ಗುರುತು ಹಿಡಿದು ಕಟ್ಟಿದ ಪದ ಅದು; ಹೋದ ವರ್ಷದವರು ಇವರಿಗೆ ಕೊಟ್ಟದ್ದು, ಅವರಿಗೆ ಅದರ ಹಿಂದಿನವರು. ಕೊಳವಿಯೊಳಗ ನೋಡೂದು ಬ್ಯಾಡೇನಲೇ ಎಂದು ಯಾರೋ ಕೇಳಿದ್ದಕ್ಕೆ ವೀರು ನಕ್ಕ.

"ನೋಡಿದ್ರ ತಲಿ ತಿರಗತೈತಲೇ. ಮೂಲಿ ನೋಡು, ಬರಿ, ಮುಂದಕ್ಕ ಹೋಗು."

ಶಾರದವ್ವನ ಕೈಯ ಕೊಡ ಅಲ್ಲೇ ನಿಂತಿತು. ಏಳು ದಿನ, ಎರಡು ಗಡ್ಡೆ, ಒಂದು ಭಾನುವಾರ. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ. ಸರ್ ಧಾಟಿಯಲ್ಲಿ ಹೇಳಿದ್ದೆಲ್ಲ ಒಂದು ಮುರಿದ ಮೂಲೆಗೆ ಬಂದು ನಿಂತಿತ್ತು. ಅದೂ ತಾನೇ ಇಕ್ಕಳ ಹಿಡಿದು ಮುರಿದದ್ದು. ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಪುರಾಣಕ್ಕೆ ಬಂದು ಪ್ರಸಾದದ ಮೇಲೆ ಕಣ್ಣಿಟ್ಟವರಿಗೆ ಒಮ್ಮೊಮ್ಮೆ ಖಾಲಿ ಎಲೆ ಕಟ್ಟಿ ಕೊಡುತ್ತಿದ್ದ ಅವಳ ಅಜ್ಜಿಯ ನಗು ಅದು.

ಒಳಗೆ ಹೋಗಿ, ಎರಡನೆಯ ಸೂಕ್ಷ್ಮದರ್ಶಕ ಒರೆಸುವ ನೆಪದಲ್ಲಿ ಸ್ಲೈಡು ಸರಿಸುವ ತಿರುಪನ್ನು ಒಂದು ಕೂದಲಷ್ಟು ತಿರುಗಿಸಿದಳು. ಮುಳ್ಳಿನ ತುದಿ ಮೆಟಾಫೇಸಿನಿಂದ ಸರಿದು ಪಕ್ಕದ ಅನಾಫೇಸಿನ ಮೇಲೆ ನಿಂತಿತು. ನೋಡಿದವರಿಗೆ ಕಂಡೀತು, ನೋಡದವರಿಗೆ ಇಲ್ಲ. ಇದರಲ್ಲಿ ಸುಳ್ಳೇನು ಬಂತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಸ್ಟೂಲಿನ ಮೇಲೆ ಹೋಗಿ ಕೂತಳು.

ಹನ್ನೊಂದು ಮಕ್ಕಳು ನಾಲ್ಕು ಸೂಕ್ಷ್ಮದರ್ಶಕವನ್ನು ಗುಡಿಗೆ ಪ್ರದಕ್ಷಿಣೆ ಹಾಕಿದಂತೆ ಸುತ್ತಿ ಬಂದರು. ವೀರು ಎರಡನೆಯದಕ್ಕೆ ಬಗ್ಗಿದ ಹಾಗೆ ಮಾಡಿ ಕಣ್ಣು ಮುಚ್ಚಿಕೊಂಡೇ ಎದ್ದ. ಹನ್ನೆರಡನೆಯವಳು ದುರ್ಗಾ, ಹರ್ತಿಯಿಂದ ಬಸ್ಸಿಗೆ ಬರುವ ಹುಡುಗಿ. ಮೊದಲ ವರ್ಷ ಮುಂಡರಗಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿ, ಈ ವರ್ಷ ಇಲ್ಲಿಗೆ ಬಂದವಳು. ಆ ಪದ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಎರಡನೆಯದರ ಮುಂದೆ ನಿಂತು ನೋಡಿದಳು. ಮೂರನೆಯದಕ್ಕೆ ಹೋಗಿ ನೋಡಿ, ಹುಬ್ಬು ಗಂಟಿಕ್ಕಿ, ಮತ್ತೆ ಎರಡನೆಯದಕ್ಕೆ ಬಂದಳು. ಬರೆದದ್ದನ್ನು ಹೊಡೆದುಹಾಕಲು ಪೆನ್ನೆತ್ತಿ, ಇಳಿಸಿದಳು.

ಹೊರಗಿನ ಪರೀಕ್ಷಕರಾಗಿ ಲಕ್ಷ್ಮೇಶ್ವರದಿಂದ ಶೈಲಾ ಮೇಡಂ ಬಂದಿದ್ದರು. ಸರ್ ಕೊಟ್ಟ ಚೀಟಿ ಪಕ್ಕಕ್ಕಿಟ್ಟುಕೊಂಡು ಉತ್ತರ ತಿದ್ದಿದರು. ಹನ್ನೊಂದಕ್ಕೆ ಹನ್ನೊಂದು ಸರಿ. ದುರ್ಗಾಳ ಎರಡನೆಯದಕ್ಕೆ ತಪ್ಪು ಬಿತ್ತು. ಸಿದ್ದಾರೂಢ ಸರ್ ಮುಖ ಸಪ್ಪೆ ಮಾಡಿದರು. ಹನ್ನೆರಡು ವರ್ಷದಿಂದ ಈ ನಾಲ್ಕು ಸ್ಲೈಡಿನಲ್ಲಿ ತಮ್ಮ ಮಕ್ಕಳು ಒಂದಂಕವನ್ನೂ ಬಿಟ್ಟುಕೊಟ್ಟಿಲ್ಲ ಎಂದು ಅವರು ಊಟದ ಹೊತ್ತಿಗೆ ಮೇಡಂಗೆ ಹೇಳುವವರಿದ್ದರು.

ಬಾಯಿಪ್ರಶ್ನೆಗೆ ದುರ್ಗಾಳನ್ನು ಕರೆದಾಗ ಮೇಡಂ ನಾಲ್ಕು ಹಂತವನ್ನೂ ಕೇಳಿದರು. ಹುಡುಗಿ ಕ್ರಮವಾಗಿ ಹೇಳಿದಳು. ಒಳಗೆ ಸ್ಟೂಲಿನ ಮೇಲೆ ಶಾರದವ್ವ ತುಟಿಯಲ್ಲೇ ಅವಳ ಜೊತೆ ಹೇಳಿದಳು, ಎಲ್ಲೂ ತಪ್ಪಲಿಲ್ಲ. ಇಷ್ಟೆಲ್ಲ ಬರುವವಳು ಎರಡನೆಯದಕ್ಕೂ ಮೂರನೆಯದಕ್ಕೂ ಅನಾಫೇಸ್ ಅಂತ ಬರೆದೆ ಯಾಕೆ ಎಂದು ಮೇಡಂ ಕೇಳಿದರು.

"ನಂಗೂ ಹಂಗ ಅನಿಸಿತ್ರಿ, ಒಂದ ಎರಡ ಸಲ ಯಾಕ ಇಡ್ತಾರ ಅಂತ," ಎಂದಳು ದುರ್ಗಾ. "ಅದಕ್ಕ ತಿರಗಿ ಬಂದು ನೋಡಿದೆ. ಮೆಟಾಫೇಸ್ ಆಗಿದ್ರ ನಟ್ಟನಡುವ ಒಂದ ಸಾಲ ಇರಬೇಕಿತ್ರಿ. ಇಲ್ಲಿ ಎರಡು ಗುಂಪಾಗಿ ಹೊಂಟಾವ. ನಡುವ ಖಾಲಿ ಐತ್ರಿ."

"ಉಳದವರಿಗೆಲ್ಲಾ ಒಂದ ಸಾಲ ಕಂಡೈತಲ್ಲ?"

"ಅವರಿಗೆ ಹೆಂಗ ಕಂಡಿತೋ ಗೊತ್ತಿಲ್ರಿ ಮೇಡಂ. ನನಗ ಕಂಡದ್ದು ಬರದೇನಿ."

ಶೈಲಾ ಮೇಡಂ ಕನ್ನಡಕ ತೆಗೆದು ಹುಡುಗಿಯನ್ನೇ ನೋಡಿದರು. ಆಮೇಲೆ, ಚಹಾ ಬಂದಿದೆ, ಕುಡಿದು ನಾನೇ ಒಂದು ಸಲ ನೋಡುತ್ತೇನೆ, ಅಲ್ಲಿಯವರೆಗೆ ಈ ಅಂಕ ತಡೆದಿರಲಿ ಎಂದರು. ಬಾಗಿಲ ಬಳಿಯ ಕುರ್ಚಿಯಲ್ಲಿ, ಮೇಜಿನ ಸಾಲು ಕಣ್ಣೆದುರೇ ಇರುವಂತೆ ಕೂತರು.

ಸಿದ್ದಾರೂಢ ಸರ್ ಎದ್ದು, ಏನೂ ಅವಸರವಿಲ್ಲದವರಂತೆ ಎರಡನೆಯ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು. ಹುಡುಗಿ ಹೇಳಿದ್ದೇ ಅಲ್ಲಿತ್ತು. ಸ್ಲೈಡಿನ ಅಂಚಿನಲ್ಲಿ ಹೊಳೆಯುವ ಉಗುರಿನ ಬಣ್ಣ ನೋಡಿದರು. ಮುರಿದ ಮೂಲೆ ನೋಡಿದರು. ಸೀದಾ ತೊಳೆಯುವ ಕೋಣೆಗೆ ಬಂದರು.

ಹಳೆಯದು ಎಲ್ಲಿ ಎಂದು ಕೇಳಿದರು. ಶಾರದವ್ವ ಕಪಾಟಿನ ಹಿಂದಿನಿಂದ ಕಾಗದದ ಪೊಟ್ಟಣ ತೆಗೆದು ಅವರ ಕೈಗಿಟ್ಟಳು. ಸರ್ ಬಿಚ್ಚಿ, ಹನ್ನೊಂದು ಚೂರನ್ನು ನೋಡಿ, ಮತ್ತೆ ಮಡಚಿದರು. ಇದನ್ನು ಯಾರು ಮಾಡಿದರು ಎಂದರು. ನಾನೇ ಎಂದಳು. ಮೆಟಾಫೇಸ್ ಅದರಲ್ಲಿ ಇದೆಯೇ ಎಂದು ಸರ್ ಕೇಳಿದರು. ಇದೆ, ಮಗ್ಗುಲ ಕೋಶವೇ, ತಿರುಪು ಒಂದು ಕೂದಲಷ್ಟು ತಿರುಗಿಸಿದರೆ ಬರುತ್ತದೆ ಎಂದಳು.

ಸರ್ ಬಾಗಿಲಾಚೆ ಇಣುಕಿದರು. ಮೇಡಂ ಬಿಸಿ ಚಹಾ ಊದುತ್ತಿದ್ದರು. ತಾವು ಹೋಗಿ ತಿರುಪು ಮುಟ್ಟಿದರೆ ಅವರಿಗೆ ಕಾಣುತ್ತದೆ. ಅಟೆಂಡರ್ ಅರಿವೆ ಹಿಡಿದು ಹೋದರೆ ಯಾರೂ ಕೇಳುವುದಿಲ್ಲ. ಅದನ್ನೆಲ್ಲ ಪಿಸುದನಿಯಲ್ಲಿ ವಿವರಿಸಿದರು. ಹನ್ನೊಂದು ಮಕ್ಕಳ ಪಾಡು ಹೇಳಿದರು, ಹನ್ನೆರಡು ವರ್ಷದ ಹೆಸರು ಹೇಳಿದರು. ಆ ಹುಡುಗಿಗೆ ಹೋಗುವುದು ಒಂದೇ ಅಂಕ ಎಂದರು. ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು, ಇದು ಇಲ್ಲಿಯೇ ಇರುತ್ತದೆ, ಆಫೀಸಿನ ಮಾತೂ ಬರುವುದಿಲ್ಲ, ನಿನ್ನ ಸ್ಟೂಲು ನಿನಗೆ ಎಂದರು. ಕಡೆಗೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಅವರ ಮಾತಿಗೆ ಮರ್ಯಾದೆಯ 'ರಿ' ಹತ್ತಿತು.

"ಶಾರದವ್ವ, ಮೇಡಂ ಚಾ ಮುಗಸೂದ್ರಾಗ ಒಂದೀಟು ಸರಸ್ರಿ."

ಶಾರದವ್ವ ಸ್ಟೂಲಿನ ಕಡೆ ನೋಡಿದಳು. ಒಂದು ಕಾಲು ಗಿಡ್ಡಾಗಿತ್ತು. ಅದರ ಕೆಳಗೆ ಅವಳೇ ಮಡಚಿಟ್ಟ ಕಾಗದವಿತ್ತು. ಹೊರಗೆ ಆಫೀಸಿನ ಕಡೆಯಿಂದ ತಿರಕಪ್ಪ ಗಂಟೆ ಹೊಡೆದ. ಬಾಗಿಲಿನ ಸಂದಿಯಲ್ಲಿ ಎರಡನೆಯ ಸೂಕ್ಷ್ಮದರ್ಶಕ ಕಾಣುತ್ತಿತ್ತು, ಅದರ ಪಕ್ಕ ಕೈಕಟ್ಟಿ ನಿಂತ ದುರ್ಗಾ. ಹುಡುಗಿ ಮತ್ತೊಮ್ಮೆ ಬಗ್ಗಿ ನೋಡುತ್ತಿದ್ದಳು. ಅಂಕಕ್ಕೆ ಅಲ್ಲ, ಪರೀಕ್ಷೆ ಆಗಲೇ ಮುಗಿದಿತ್ತು.

ಶಾರದವ್ವ ಕೈಯಲ್ಲಿದ್ದ ಒರೆಸುವ ಅರಿವೆಯನ್ನು ನಾಲ್ಕು ಮಡಿಕೆ ಮಡಚಿ ತೊಟ್ಟಿಯ ಅಂಚಿಗೆ ಹಾಕಿದಳು.

"ನಾ ಸರಸಂಗಿಲ್ರಿ, ಸರ್."